ಹೋ ಹಾಗೋಪ್, ಹಿ ಹಾಗೋಪ್

ಸ್ಯಾನ್ ಮಟಿಯೋದ ರೈಲು ಹಳಿಯ ಪಕ್ಕದ ಬೀದಿಯಲ್ಲಿ ಹುಬ್ಬಳ್ಳಿಯ ಮಾಧುರಿಗೆ ಒಂದು ಸಣ್ಣ ಅಂಗಡಿ ಇದೆ. ಮದುವೆಯ ಕರೆಯೋಲೆ, ಹೋಟೆಲುಗಳ ಮೆನು, ಕನ್ನಡ ಕೂಟದ ಸ್ಮರಣ ಸಂಚಿಕೆ, ಇವನ್ನೆಲ್ಲ ಅವಳು ಪುಟ ಕಟ್ಟಿ ಅಚ್ಚಿಗೆ ಕಳಿಸುತ್ತಾಳೆ. ಅರ್ಮೇನಿಯನ್ನರ ಸಮುದಾಯ ಪತ್ರಿಕೆಯೂ ಹಲವು ವರ್ಷಗಳಿಂದ ಅವಳ ಕೈಯಲ್ಲೇ ಸಿದ್ಧವಾಗುತ್ತಿತ್ತು. ಆ ಭಾಷೆ ಅವಳಿಗೆ ಬರುವುದಿಲ್ಲ. ಅಕ್ಷರಗಳ ಆಕಾರ ಮಾತ್ರ ಗೊತ್ತು. ಅದನ್ನೂ ಕಲಿಸಿದವರು ಆ ಪತ್ರಿಕೆಯ ಕರಡು ತಿದ್ದುತ್ತಿದ್ದ ಅಜ್ನಿವ್.

ಅಜ್ನಿವ್ ಬೈರೂತಿನಲ್ಲಿ ಅರ್ಮೇನಿಯನ್ ಶಾಲೆಯೊಂದರಲ್ಲಿ ಭಾಷೆ ಕಲಿಸುತ್ತಿದ್ದವರು. ಅಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಗಂಡ ಹಾಗೋಪ್ ಜೊತೆ ಈ ಊರಿಗೆ ಬಂದು, ಅಂಗಡಿಯಿಂದ ಎರಡು ಬೀದಿ ಆಚೆಯ ಅಪಾರ್ಟ್ಮೆಂಟಿನಲ್ಲಿ ನೆಲೆಸಿದ್ದರು. ಹಾಗೋಪ್ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಮಾಧುರಿ ಅಜ್ನಿವ್ ಅವರನ್ನು ‘ಡಿಗಿನ್’ ಎಂದು ಕರೆಯುತ್ತಿದ್ದಳು. ನಮ್ಮ ‘ಅಮ್ಮಾವ್ರು’ ಇದ್ದ ಹಾಗೆ ಅದು. ಅವರು ಇವಳನ್ನು ‘ಹೋಕಿಸ್’ ಎನ್ನುತ್ತಿದ್ದರು. ನನ್ನ ಜೀವವೇ ಎಂದರ್ಥ.

ಆ ಪತ್ರಿಕೆಯ ಕರಡು ತಿದ್ದುವುದು ಸುಲಭದ ಕೆಲಸವಲ್ಲ. ಅರ್ಮೇನಿಯನ್ನರಲ್ಲಿ ಪೂರ್ವದ ಭಾಷೆ, ಪಶ್ಚಿಮದ ಭಾಷೆ ಎಂದು ಎರಡಿವೆ. ‘ನಾನು ಬರೆಯುತ್ತೇನೆ’ ಎನ್ನಲು ಅರ್ಮೇನಿಯಾದ ರಾಜಧಾನಿ ಯೆರೆವಾನಿನ ಪೂರ್ವದವರು ‘ಗ್ರುಮ್ ಎಮ್’ ಎಂದರೆ, ಬೈರೂತಿನ ಪಶ್ಚಿಮದವರು ‘ಗ ಕ್ರೆಮ್’ ಎನ್ನುತ್ತಾರೆ. ಇದು ಭಾಷೆಯ ಭೇದ. ಕಾಗುಣಿತದ ಭೇದ ಬೇರೆಯೇ. ನೂರು ವರ್ಷಗಳ ಹಿಂದೆ ಸೋವಿಯತ್ ಆಡಳಿತ ಬಂದಾಗ ಅರ್ಮೇನಿಯಾದಲ್ಲಿ ಬರವಣಿಗೆಯನ್ನು ಉಚ್ಚಾರಕ್ಕೆ ಹತ್ತಿರ ತರಲು ಕಾಗುಣಿತ ಬದಲಾಯಿಸಿದರು. ಅಷ್ಟು ಹೊತ್ತಿಗೆ ದೇಶ ಬಿಟ್ಟು ಚದುರಿದ್ದವರು ಹಳೆಯದನ್ನೇ ಉಳಿಸಿಕೊಂಡರು. ಹಳಗನ್ನಡದ ಱ, ೞ ಅಕ್ಷರಗಳನ್ನು ಒಂದು ಊರಿನವರು ಬಿಟ್ಟು, ಇನ್ನೊಂದು ಊರಿನವರು ಹಾಗೇ ಇಟ್ಟುಕೊಂಡು, ಇಬ್ಬರೂ ಒಂದೇ ಪತ್ರಿಕೆಗೆ ಬರೆದರೆ ಹೇಗಿರಬಹುದೋ ಹಾಗೆ ಎಂದು ಮಾಧುರಿ ಅರ್ಥ ಮಾಡಿಕೊಂಡಿದ್ದಳು. ಬೆಳಕು ಎಂಬ ಪದ ಇಬ್ಬರ ಬಾಯಲ್ಲೂ ‘ಲುಯ್ಸ್’. ಬರೆದರೆ ಮಾತ್ರ ಬೇರೆ ಬೇರೆ.

ಇಷ್ಟೇ ಆಗಿದ್ದರೆ ಪೂರ್ವಕ್ಕೆ ಹೊಸದು, ಪಶ್ಚಿಮಕ್ಕೆ ಹಳೆಯದು ಎಂದು ಎರಡು ಡಬ್ಬಿ ಮಾಡಿ ಮುಗಿಸಬಹುದಿತ್ತು. ಆದರೆ ಇರಾನಿನ ಅರ್ಮೇನಿಯನ್ನರು ಆಡುವುದು ಪೂರ್ವದ ಭಾಷೆ, ಬರೆಯುವುದು ಹಳೆಯ ಕಾಗುಣಿತ. ಪತ್ರಿಕೆಯ ಸಂಪಾದಕ ಸೆರೋಜ್ ಅವರೇ ಹಾಗೆ. ಟೆಹ್ರಾನಿನಲ್ಲಿ ಹುಟ್ಟಿ, ಈಗ ಲಾಸ್ ಆಲ್ಟೋಸ್‌ನಲ್ಲಿರುವ ನಿವೃತ್ತ ದಂತವೈದ್ಯರು. ಆದ್ದರಿಂದ ಅಜ್ನಿವ್ ಯಾವ ಲೇಖನ ಬಂದರೂ ಮೊದಲು ಕ್ರಿಯಾಪದ ನೋಡಿ ಭಾಷೆ ಯಾವುದೆಂದು ತಿಳಿದುಕೊಂಡು, ಆಮೇಲೆ ಪದದ ಕೊನೆಗಳನ್ನು ನೋಡಿ ಕಾಗುಣಿತ ಯಾವುದೆಂದು ತಿಳಿದುಕೊಂಡು, ಎರಡನ್ನೂ ಪುಟದ ತಲೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ತಿದ್ದುವುದು ಆಮೇಲೆ. ಬರೆದವರ ಕಾಗುಣಿತದೊಳಗಿನ ತಪ್ಪನ್ನು ತಿದ್ದಬೇಕು, ಅವರ ಕಾಗುಣಿತವನ್ನಲ್ಲ, ಎನ್ನುವುದು ಅವರ ನಿಯಮ. ಇನ್ನೊಂದು ನಿಯಮ ಅದಕ್ಕಿಂತ ಬಿಗಿ. ಜನರ ಹೆಸರನ್ನು ಮುಟ್ಟಲೇಬಾರದು. ಅನುಮಾನವಿದ್ದರೆ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಕೇಳಬೇಕು.

ಈ ನಿಯಮಕ್ಕೆ ಕಾರಣ ಅವರದೇ ಹೆಸರು. ಒಮ್ಮೆ ಸೆರೋಜ್ ಯಾರದೋ ಲೇಖನವನ್ನು ಹೊಸ ಕಾಗುಣಿತಕ್ಕೆ ತರಲು ಕಂಪ್ಯೂಟರಿನಲ್ಲಿ ಹಳೆಯ ‘ಇವ್’ ಅಕ್ಷರಜೋಡಿ ಇದ್ದಲ್ಲೆಲ್ಲ ‘ಯು’ ಹಾಕಿಸಿದ್ದರು. ಪದದ ನಡುವೆ ಅದು ಸರಿ. ಕೊನೆಯಲ್ಲಿ ಬಂದರೆ ಅದೇ ಜೋಡಿಯನ್ನು ‘ಇವ್’ ಎಂದೇ ಓದಬೇಕು. ಹಾಗಾಗಿ ಲೇಖನದ ಕೆಳಗೆ ಕರಡು ತಿದ್ದಿದವರು ಎಂಬಲ್ಲಿ ಅಜ್ನಿವ್ ಹೋಗಿ ‘ಅಜ್ನ್ಯು’ ಆಗಿತ್ತು. ಹಾಗೋಪ್ ಎಷ್ಟೋ ದಿನ ಹೆಂಡತಿಯನ್ನು ಅಜ್ನ್ಯು ಎಂದೇ ಕರೆದು, ಕಾಫಿ ಸಿಗದೆ, ಮತ್ತೆ ಅಜ್ನಿವ್‌ಗೆ ಹಿಂದಿರುಗಿದರಂತೆ. ಅಜ್ನಿವ್ ಎಂದರೆ ಪ್ರಾಮಾಣಿಕಳು ಎಂದರ್ಥ.

ಕರಡನ್ನು ಅವರಿಬ್ಬರೂ ಸೇರಿಯೇ ನೋಡುತ್ತಿದ್ದರು. ಬರೆದವರು ಕಳಿಸಿದ ಮೂಲವನ್ನು ಹಾಗೋಪ್ ಗಟ್ಟಿಯಾಗಿ ಓದಬೇಕು, ಅಜ್ನಿವ್ ಅಚ್ಚಿನ ಪುಟದ ಮೇಲೆ ಅಳತೆಪಟ್ಟಿ ಇಟ್ಟು ಸಾಲು ಸಾಲಾಗಿ ಹೋಲಿಸಬೇಕು. ಆದರೆ ಎರಡು ಕಾಗುಣಿತಗಳೂ ಕಿವಿಗೆ ಒಂದೇ. ಅದಕ್ಕೆ ಹಾಗೋಪ್ ಒಂದು ಉಪಾಯ ಮಾಡಿದ್ದರು. ಹ ಶಬ್ದದಿಂದ ಶುರುವಾಗುವ ಎಷ್ಟೋ ಪದಗಳನ್ನು ಹೊಸದರಲ್ಲಿ Հ ಅಕ್ಷರದಿಂದ ಬರೆಯುತ್ತಾರೆ. ಅದರ ಹೆಸರು ‘ಹೋ’. ಹಳೆಯದರಲ್ಲಿ ಅವೇ ಪದಗಳನ್ನು Յ ಅಕ್ಷರದಿಂದ ಬರೆಯುತ್ತಾರೆ. ಅದನ್ನು ಬೈರೂತಿನವರು ‘ಹಿ’ ಎನ್ನುತ್ತಾರೆ. ಅಂಥ ಪದ ಬಂದಾಗಲೆಲ್ಲ ಹಾಗೋಪ್ ಮೊದಲು ಅಕ್ಷರದ ಹೆಸರು ಹೇಳಿ ಆಮೇಲೆ ಪದ ಓದುತ್ತಿದ್ದರು. ನೆನಪು, ಭರವಸೆ, ಯೇಸು, ಜನವರಿ, ಎಲ್ಲಕ್ಕೂ ಹೋ ಅಥವಾ ಹಿ. ಅವರದೇ ಹೆಸರೂ ಈ ಗುಂಪಿನದು. ಫೋನಿನಲ್ಲಿ ಕೂಡ ತಮಾಷೆಗೆ ‘ನಾನು ಹಿ ಹಾಗೋಪ್’ ಎನ್ನುತ್ತಿದ್ದರು. ಹೊಸ ಕಾಗುಣಿತವನ್ನು ಅವರು ಅರ್ಧ ಬೋಳಿಸಿದ ಗಡ್ಡ ಎಂದು ಹಂಗಿಸುತ್ತಿದ್ದರು. ಹಂಗಿಸಿದರೂ ಯೆರೆವಾನಿನವರ ಲೇಖನ ಓದುವಾಗ ಒಂದು ಹೋ ಕೂಡ ತಪ್ಪಿಸುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಹಾಗೋಪ್ ತೀರಿಕೊಂಡರು. ಆಮೇಲೆ ಅಜ್ನಿವ್ ಒಬ್ಬರೇ ಮೌನವಾಗಿ ಕರಡು ಓದತೊಡಗಿದರು. ತುಟಿ ಆಡುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಮನೆಯಲ್ಲಿ ಕೂತು ಓದಲಾರದೆ ಅಂಗಡಿಗೇ ಬರುತ್ತಿದ್ದರು. ಮಾಧುರಿಯ ತಾಯಿ ಶರಣವ್ವ ಆಗ ಹುಬ್ಬಳ್ಳಿಯಿಂದ ಬಂದು ಮಗಳ ಜೊತೆ ಇದ್ದರು. ಅವರೂ ಹೊತ್ತು ಹೋಗದೆ ಅಂಗಡಿಗೆ ಬಂದು ಕೂರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಶರಣವ್ವ ಚಹಾ ಮಾಡಿ ಮುಂದಿಟ್ಟರೆ ಅಜ್ನಿವ್ ಲೋಟ ಎತ್ತಿ ಹಣೆಗೆ ಮುಟ್ಟಿಸಿ ಕುಡಿಯುತ್ತಿದ್ದರು.

ಈಸ್ಟರ್ ಮರುದಿನ ಅರ್ಮೇನಿಯನ್ನರಿಗೆ ಸತ್ತವರನ್ನು ನೆನೆಯುವ ದಿನ. ಈಸ್ಟರ್ ಸಂಚಿಕೆಯ ಒಂದು ಪುಟದಲ್ಲಿ ಮನೆಯವರು ನೆನೆಯಬಯಸುವ ಮೃತರ ಹೆಸರುಗಳು ಅಚ್ಚಾಗುತ್ತವೆ. ಚರ್ಚಿನಲ್ಲಿ ಪಾದ್ರಿಗಳು ಆ ಪುಟವನ್ನೇ ಹಿಡಿದು ಒಂದೊಂದಾಗಿ ಓದುತ್ತಾರೆ, ಆಯಾ ಮನೆಯವರು ಎದ್ದು ನಿಲ್ಲುತ್ತಾರೆ. ಮನೆಯವರು ಕಂಪ್ಯೂಟರಿನಲ್ಲಿ ಕಳಿಸಿದ ಹೆಸರುಗಳನ್ನು ಸೆರೋಜ್ ಒಟ್ಟು ಮಾಡಿ, ಕಳಿಸಿದವರು ಯಾರೆಂಬುದನ್ನು ಬಿಟ್ಟು, ಮೃತರ ಹೆಸರನ್ನಷ್ಟೇ ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿ ಮಾಧುರಿಗೆ ಕೊಡುತ್ತಿದ್ದರು.

ಆ ಪುಟದ ಕರಡು ಬಂದ ಮಧ್ಯಾಹ್ನ ಅಜ್ನಿವ್ ಮೇಲಿನಿಂದ ಅಳತೆಪಟ್ಟಿ ಇಳಿಸುತ್ತ ಬಂದರು. ಹೋ ಅಕ್ಷರದ ಹೆಸರುಗಳ ನಡುವೆ ಪಟ್ಟಿ ನಿಂತಿತು.

Հարությունյան Հակոբ.

ಹಾರುತ್ಯುನ್ಯಾನ್, ಹಾಗೋಪ್. ಅವರ ಗಂಡನ ಹೆಸರು. ಹೊಸ ಕಾಗುಣಿತದಲ್ಲಿ, ಮೊದಲಿನಿಂದ ಕೊನೆಯವರೆಗೆ ಅರ್ಧ ಬೋಳಿಸಿದ್ದು.

ಅವರ ಮುಖ ಕೆಂಪಾಯಿತು. ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದರು. ಪೆನ್ಸಿಲಿನಿಂದ ಹೆಸರನ್ನು ಸುತ್ತಿ, ಸರಿಯಾದ ಅಕ್ಷರಗಳನ್ನು ಮೇಲೆ ಬರೆದು, ಕೆಳಗೆ ಹಿ ಅಕ್ಷರದ ಕಡೆಗೆ ಒಂದು ಬಾಣ ಎಳೆದರು. ನಡುವಿನ ನಾಲ್ಕು ಅಕ್ಷರಗಳ ಹೆಸರುಗಳನ್ನು ದಾಟಿ ಬಾಣ ಹಿ ತಲುಪಿದಾಗ ಅಲ್ಲಿ ಆಗಲೇ ಇತ್ತು: Յարութիւնեան Յակոբ. ತಾವೇ ಕಳಿಸಿದ್ದು, ತಾವು ಬರೆದ ಹಾಗೇ. ಯಾರೋ ಎರಡನೇ ಸಲ ಸೇರಿಸಿದ್ದಾರೆ ಎಂದುಕೊಂಡು ಬಾಣವನ್ನು ರಬ್ಬರಿನಿಂದ ಉಜ್ಜಿ, ಮೇಲಿನ ಸಾಲಿಗೆ ಅಳಿಸು ಎಂಬ ಗುರುತು ಹಾಕಿದರು. ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಲಿಲ್ಲ.

ಮಾಧುರಿ ಆ ಸಾಲು ತೆಗೆದಳು. ಎಂದಿನಂತೆ ತಿದ್ದಿದ ಪುಟ ಸೆರೋಜ್‌ಗೆ ಹೋಯಿತು. ಅಜ್ನಿವ್ ಗಂಡನ ಹೆಸರನ್ನು ಅಜ್ನಿವ್ ಅವರೇ ತಿದ್ದಿದ್ದರಲ್ಲಿ ಸೆರೋಜ್ ಅವರಿಗೆ ಕೇಳುವಂಥದ್ದೇನೂ ಕಾಣಲಿಲ್ಲ.

ನೆನಪಿನ ದಿನ ಮಾಧುರಿಯೇ ಅಜ್ನಿವ್ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳು. ಗಂಡನ ಹೆಸರು ಓದುವ ಮೊದಲ ವರ್ಷ, ಒಬ್ಬರೇ ಹೋಗುವುದು ಬೇಡವೆಂದು. ಪಾದ್ರಿಗಳು ಪಶ್ಚಿಮದ ಉಚ್ಚಾರದವರು. ಒಂದು ಹೆಸರು, ಸ್ವಲ್ಪ ಮೌನ, ಎದ್ದ ಮನೆಯವರು, ಮತ್ತೆ ಒಂದು ಹೆಸರು. ಹಿ ಅಕ್ಷರ ಬಂದಾಗ ‘ಹಾಗೋಪ್ ಹಾರುತ್ಯುನ್ಯಾನ್’ ಎಂದರು. ಅಜ್ನಿವ್ ಎದ್ದರು.

ನಾಲ್ಕು ಸಾಲು ಹಿಂದೆ ಇನ್ನೊಬ್ಬಳು ಎದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಆಫೀಸಿನ ಬ್ಯಾಡ್ಜು ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದಳು. ಎರಡೂ ಕೈಯಲ್ಲಿ ಮೇಣದಬತ್ತಿ ಹಿಡಿದು, ತಲೆ ತಗ್ಗಿಸಿ ಅಳುತ್ತಿದ್ದಳು. ಅಜ್ನಿವ್ ತಿರುಗಿ ನೋಡಿದರು. ಪಕ್ಕದ ಮುದುಕಿಯೊಬ್ಬಳು ಬಗ್ಗಿ, ನಿಮ್ಮ ಹಾಗೋಪ್ ಗುಟ್ಟಾಗಿ ಮಗಳನ್ನೇನಾದರೂ ಇಟ್ಟಿದ್ದನೇ ಎಂದು ಪಿಸುಗುಟ್ಟಿದಳು. ಅಜ್ನಿವ್ ನಗಲಿಲ್ಲ.

ಪೂಜೆ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಕಾಫಿ ಇತ್ತು. ಆ ಹೆಂಗಸು ಪತ್ರಿಕೆಯ ಕರಡು ತಿದ್ದುವವರು ಯಾರೆಂದು ವಿಚಾರಿಸಿ, ತಾನಾಗಿಯೇ ಹುಡುಕಿಕೊಂಡು ಬಂದಳು. ‘ಟಿಕಿನ್ ಅಜ್ನಿವ್’ ಎಂದಳು. ಡಿಗಿನ್ ಎನ್ನುವುದನ್ನೇ ಪೂರ್ವದವರು ಟಿಕಿನ್ ಎನ್ನುತ್ತಾರೆ. ಬರೆಯುವಾಗ ಅದಕ್ಕೆ ಎರಡು ಕಾಗುಣಿತವಿಲ್ಲ.

ಅವಳ ಹೆಸರು ಗಯಾನೆ. ಯೆರೆವಾನಿನಿಂದ ಬಂದು ಮಾರ್ಗನ್ ಹಿಲ್‌ನಲ್ಲಿದ್ದಳು. ಚಿಪ್ ಪರೀಕ್ಷಿಸುವ ಕೆಲಸ. ಚಳಿಗಾಲದಲ್ಲಿ ತಂದೆ ತೀರಿಕೊಂಡಾಗ ವೀಸಾ ನವೀಕರಣ ಬಾಕಿಯಿತ್ತು. ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಖಾತ್ರಿಯಿಲ್ಲ ಎಂದು ವಕೀಲರು ಹೇಳಿದ್ದರಿಂದ ಹೋಗಲಾಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಲು ಕೂತಳು, ಮಧ್ಯದಲ್ಲೇ ಸಂಪರ್ಕ ಕಡಿದುಹೋಯಿತು. ಇವತ್ತು ಒಂದು ಕಡೆಯಾದರೂ ಅಪ್ಪನ ಹೆಸರನ್ನು ಜನರ ನಡುವೆ ಕೇಳಬೇಕೆಂದು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಇವೆಲ್ಲವನ್ನೂ ಅವಳು ನಿಂತೇ, ಒಂದೇ ಉಸಿರಿನಲ್ಲಿ ಹೇಳಿದಳು.

“ಹೋ ಅಕ್ಷರ ಮುಗಿದು ಹೋದಾಗ ಎದೆ ನಿಂತಂತಾಯಿತು, ಟಿಕಿನ್. ಬಿಟ್ಟುಬಿಟ್ಟರು ಅಂದುಕೊಂಡೆ. ಆಮೇಲೆ ಹಿ ಅಕ್ಷರದಲ್ಲಿ ಬಂತು. ನಮ್ಮಪ್ಪ ಹಕೋಬ್, ಫಿಸಿಕ್ಸ್ ಮೇಷ್ಟ್ರು. ಜೀವಮಾನವೆಲ್ಲ ಹೋ ಹಾಕಿಯೇ ಸಹಿ ಮಾಡಿದವರು. ನೀವು ಯಾಕೆ ಹೆಸರು ಬದಲಾಯಿಸಿದಿರಿ? ಹೋಗಲಿ ಬಿಡಿ, ಜಗಳಕ್ಕೆ ಬಂದಿಲ್ಲ. ಓದಿದರಲ್ಲ, ಅಷ್ಟು ಸಾಕು.”

ಅಜ್ನಿವ್ ಕಾಫಿಯನ್ನು ಮೇಜಿನ ಮೇಲಿಟ್ಟರು. ಅವರ ಕಣ್ಣೆದುರು ಆ ಅಳಿಸು ಗುರುತು ಬಂದಿರಬೇಕು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಯಾನೆ ಅಪ್ಪನ ಹೆಸರು ಕೇಳಿದೆ ಎಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಿದ್ದಳು. ಹಾಗೋಪ್ ಹೆಸರನ್ನು ಅವಳಿಗೆ ಕೊಟ್ಟುಬಿಟ್ಟರೆ ಹಾಗೋಪ್‌ಗೇನೂ ನಷ್ಟವಿರಲಿಲ್ಲ. ಆಮೇಲೆ ಎಷ್ಟೋ ಸಲ ಅವರು ಮಾಧುರಿಯೊಡನೆ ಇದನ್ನೇ ಹೇಳಿದರು, ಆ ಹೊತ್ತಿನಲ್ಲಿ ತನಗೆ ಇದೆಲ್ಲ ತಿಳಿದಿತ್ತು ಎಂದು.

ಆದರೆ ಅವರು ಸುಮ್ಮನಿರಲಿಲ್ಲ. ಓದಿದ್ದು ತನ್ನ ಗಂಡನ ಹೆಸರು ಎಂದರು. ನಿನ್ನ ತಂದೆಯದು ಹೋ ಅಕ್ಷರದಲ್ಲಿ ಸರಿಯಾಗಿಯೇ ಇತ್ತು, ನನ್ನವರದನ್ನೇ ಯಾರೋ ಕೆಡಿಸಿದ್ದಾರೆಂದು ತಿಳಿದು ನಾನೇ ಹೊಡೆದುಹಾಕಿದೆ, ಯಾರನ್ನೂ ಕೇಳಲಿಲ್ಲ ಎಂದರು.

ಗಯಾನೆ, “ಹಾಗಾದರೆ ನಾನು ಎದ್ದು ನಿಂತಿದ್ದು ಯಾರಿಗೆ?” ಎಂದಳು.

“ನನ್ನವರಿಗೆ, ಮಗಳೇ.”

“ನಮ್ಮಪ್ಪನಿಗೆ ಯಾರೂ ನಿಲ್ಲಲಿಲ್ಲ.”

ಅದು ಪ್ರಶ್ನೆಯಾಗಿರಲಿಲ್ಲ. ಅಜ್ನಿವ್ ಅವಳ ತೋಳು ಹಿಡಿಯಲು ಕೈ ಚಾಚಿದರು. ಅವಳು ಕೈಯನ್ನು ತಳ್ಳಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ. ಆರಿದ ಮೇಣದಬತ್ತಿಯನ್ನು ಕಾಫಿ ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ನಡೆದಳು. ಅವರಿಬ್ಬರು ಆಡಿದ ಭಾಷೆ ಮಾಧುರಿಗೆ ತಿಳಿದಿರಲಿಲ್ಲ. ಕಾರಿನಲ್ಲಿ ಬರುವಾಗ ಅಜ್ನಿವ್ ಎಲ್ಲವನ್ನೂ ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವವರ ಹಾಗೆ ಒಂದೂ ಬಿಡದೆ ಹೇಳಿದರು. ಫ್ರೀವೇ ಮೇಲೆ ಅಳು ಬಂತು. ಅವರಿಗಲ್ಲ, ಮಾಧುರಿಗೆ.

ಮಾರನೆಯ ದಿನ ಅವರು ಅಂಗಡಿಗೆ ಬಂದು ಪೆನ್ಸಿಲು, ಅಳತೆಪಟ್ಟಿ ಎರಡನ್ನೂ ಮೇಜಿನ ಮೇಲಿಟ್ಟರು. ಕಣ್ಣು ಸರಿಯಿದೆ, ತಲೆಯೂ ಸರಿಯಿದೆ, ಆದರೆ ಇನ್ನು ತನಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದರು. ಶರಣವ್ವ ಚಹಾ ಇಟ್ಟು, ಏನಾಯಿತೆಂದು ಮಗಳನ್ನು ಕೇಳಿದರು. ಕೇಳಿ ಮುಗಿದ ಮೇಲೆ ಅಜ್ನಿವ್ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು.

“ಮಾಧುರಿ, ಇದನ್ನ ಅವ್ರಿಗೆ ಹೇಳವಾ. ನಮ್ಮ ಓಣ್ಯಾಗ ಇಬ್ರು ಮಲ್ಲಪ್ಪ ಇದ್ರು. ಒಬ್ಬಾಂವ ಸತ್ತಾಗ ಬ್ಯಾರೆ ಊರಿನ ಮಂದಿ ಅಳಕೋತ ಇನ್ನೊಬ್ಬನ ಮನಿಗೆ ಬಂದ್ರು. ಬಾಗಲಾ ತೆಗದಾಂವ ಅಂವನ. ಬಂದವ್ರೆಲ್ಲಾ ಚೀರಿಬಿಟ್ರು. ಅಂವ ಏನಂದ ಗೊತ್ತೇನು? ಅಳಾಕಂತ ಇಷ್ಟು ದೂರ ಬಂದೀರಿ, ಸುಮ್ನ ಯಾಕ ಹೋಗ್ತೀರಿ, ಒಳಗ ಬಂದು ಅತ್ತು ಚಾ ಕುಡದ ಹೋಗ್ರಿ ಅಂದ.”

ಮಾಧುರಿ ಇಂಗ್ಲಿಷಿನಲ್ಲಿ ಹೇಳಿದಳು. ಅಜ್ನಿವ್ ನಕ್ಕರು. ಹಾಗೋಪ್ ಹೋದ ಮೇಲೆ ಅವರು ನಕ್ಕಿದ್ದನ್ನು ಮಾಧುರಿ ನೋಡಿದ್ದು ಅದೇ ಮೊದಲು. ನಗು ಮುಗಿಯುವ ಮೊದಲೇ ಅಳು ಶುರುವಾಯಿತು. ಶರಣವ್ವ ತಮ್ಮ ಸೆರಗಿನಿಂದ ಅವರ ಮುಖ ಒರೆಸಿದರು.

ಅಜ್ನಿವ್ ಕೇಳಿಕೊಂಡಿದ್ದರಿಂದ ಮುಂದಿನ ಭಾನುವಾರ ಪಾದ್ರಿಗಳು ಬಿಟ್ಟುಹೋದ ಆ ಒಂದೇ ಹೆಸರಿಗೆ ಪ್ರಾರ್ಥನೆ ಇಟ್ಟುಕೊಂಡರು. ಸೆರೋಜ್ ಗಯಾನೆಗೆ ಫೋನು ಮಾಡಿ ತಿಳಿಸಿದರು. ಅವಳು ಗೌರವದಿಂದಲೇ ಮಾತಾಡಿದಳಂತೆ. ಇನ್ನೊಂದು ಸಲ ಅಷ್ಟು ದೂರ ಬಂದು ಕಾದು ಕೂರುವ ಶಕ್ತಿ ತನಗಿಲ್ಲ ಎಂದಳಂತೆ. ಭಾನುವಾರ ಪಾದ್ರಿಗಳು ತಮ್ಮ ನಾಲಿಗೆಗೆ ರೂಢಿಯಿಲ್ಲದ ಪೂರ್ವದ ಉಚ್ಚಾರವನ್ನು ಅಭ್ಯಾಸ ಮಾಡಿಕೊಂಡು ಬಂದು, ‘ಹಕೋಬ್ ಹಾರುತ್ಯುನ್ಯಾನ್’ ಎಂದು ಓದಿದರು. ಆ ಸಭೆಯಲ್ಲಿ ಒಬ್ಬರೇ ಎದ್ದರು. ಅಜ್ನಿವ್ ಒಂದು ಕೈಯಿಂದ ಮುಂದಿನ ಬೆಂಚು ಹಿಡಿದು, ತಾವು ಎಂದೂ ಕಾಣದ ಫಿಸಿಕ್ಸ್ ಮೇಷ್ಟರಿಗಾಗಿ ಮೌನ ಮುಗಿಯುವವರೆಗೆ ನಿಂತರು.

ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಬಂತು. ಅದನ್ನು ಅವರೇ ಬರೆದು ತಂದಿದ್ದರು, ಪೂರ್ತಿ ಹೊಸ ಕಾಗುಣಿತದಲ್ಲಿ. ಕೆಳಗಿನ ಸಹಿಯೂ ಹೊಸ ಕಾಗುಣಿತದಲ್ಲೇ ಇದ್ದುದನ್ನು ನೋಡಿ ಮಾಧುರಿ ತಡೆದಳು. ನೀವೇ ಕಲಿಸಿದ ಹಾಗೆ ನಿಮ್ಮ ಹೆಸರಿನ ಕೊನೆಯ ಅಕ್ಷರ ಬೇರೆ ಇರಬೇಕಲ್ಲ ಡಿಗಿನ್, ಪ್ರಶ್ನೆ ಚಿಹ್ನೆ ಹಾಕಲೇ ಎಂದಳು.

“ಬೇಡ, ಹೋಕಿಸ್. ಅವಳು ಓದುವ ಹಾಗೆ ಇರಲಿ.”

ಅವಳು ಓದಿದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಗಯಾನೆ ಮತ್ತೆ ಅತ್ತ ಬರಲಿಲ್ಲ.

ಪತ್ರಿಕೆಯ ಕರಡನ್ನು ಈಗ ಸೆರೋಜ್ ಕಣ್ಣಾಡಿಸಿ ಕಳಿಸುತ್ತಾರೆ. ತಪ್ಪುಗಳು ಉಳಿಯುತ್ತವೆ. ಮೃತರ ಹೆಸರಿನ ಪಕ್ಕದಲ್ಲಿ ಹೆಸರು ಕಳಿಸಿದವರು ಯಾರೆಂದೂ ಅಚ್ಚಾಗುತ್ತದೆ. ಈ ವರ್ಷ ಈಸ್ಟರ್ ಸಂಚಿಕೆಗೆ ಹಾಗೋಪ್ ಹೆಸರೂ ಬಂದಿತ್ತು, ಗಯಾನೆಯ ತಂದೆಯ ಹೆಸರೂ ಬಂದಿತ್ತು. ಎರಡರ ಪಕ್ಕದಲ್ಲೂ ಕಳಿಸಿದವರ ಹೆಸರು ಒಂದೇ ಇತ್ತು, ಅಜ್ನಿವ್.

ಅದೊಂದು ಪುಟ ನೋಡಲು ಮಾತ್ರ ಅವರು ಅಂಗಡಿಗೆ ಬಂದರು. ಶರಣವ್ವ ಊರಿಗೆ ಹಿಂದಿರುಗಿದ್ದರು. ಆ ಖಾಲಿ ಕುರ್ಚಿಯಲ್ಲಿ ಅಜ್ನಿವ್ ಕೂತು, ಮನೆಯವರು ಕಳಿಸಿದ ಮೂಲ ಹೆಸರುಗಳನ್ನು ಮಾಧುರಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದರು. ನನಗೆ ಓದಲು ಎಲ್ಲಿ ಬರುತ್ತದೆ ಡಿಗಿನ್ ಎಂದು ಮಾಧುರಿ ಹಿಂಜರಿದಳು. ಆಕಾರ ಗೊತ್ತಲ್ಲ, ಅಕ್ಷರದ ಹೆಸರು ಹೇಳಿದರೆ ಸಾಕು ಎಂದರು. ಅಳತೆಪಟ್ಟಿ ಸಾಲಿನ ಮೇಲೆ ಕೂತಿತು. ಮಾಧುರಿ ಬೆರಳಿಟ್ಟುಕೊಂಡು ಇಳಿಯುತ್ತ ಬಂದು, Հ ಇದ್ದಲ್ಲಿ ನಿಂತಳು.

“ಹೋ” ಎಂದಳು.

ಅಜ್ನಿವ್ ತಲೆಯಾಡಿಸಿ ಆ ಹೆಸರಿನ ಪಕ್ಕ ಸಣ್ಣ ಗುರುತು ಹಾಕಿದರು. ನಡುವಿನ ಹೆಸರುಗಳು ದಾಟಿದವು. ರೈಲೊಂದು ಹೋಯಿತು, ಗಾಜು ಅದುರಿತು. ಆಮೇಲೆ Յ ಬಂತು.

“ಹಿ.”

ಪೆನ್ಸಿಲು ಮೇಲೇಳಲಿಲ್ಲ. ಅವರು ಆ ಸಾಲನ್ನು ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಇನ್ನೊಂದು ಸಲ ಹೇಳು ಎಂದರು. ಮಾಧುರಿ ಹೇಳಿದಳು.